ಹಸಿ ಮರಳು, ಒಣ ಮಾತು

“ಗ್ರಾಮರ್ ಒಂದು ನೋಡಿ ಕೊಡವಾ, ಉಳದದ್ದು ಬರೋಬ್ಬರಿ ಐತಿ” ಎಂದು ಅಣ್ಣ ತನ್ನ ಮೊಬೈಲನ್ನು ನನ್ನ ಕೈಗಿತ್ತ. ಅಣ್ಣ ಎಂದರೆ ನನ್ನ ದೊಡ್ಡಪ್ಪನ ಮಗ. ವಯಸ್ಸು 38. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ 14 ವರ್ಷದಿಂದ ಎಂಜಿನಿಯರ್. ನಾನು ಧಾರವಾಡದಲ್ಲಿ ಕನ್ನಡ ಸಂಶೋಧನೆ ಮಾಡಿಕೊಂಡಿರುವವಳು. ಮನೆಯಲ್ಲಿ ಯಾರಿಗೇ ಅರ್ಜಿ, ಆಮಂತ್ರಣ, ಶ್ರದ್ಧಾಂಜಲಿ ಬರೆಯಬೇಕಾದರೂ ಆ ಕೆಲಸ ನನ್ನ ಪಾಲಿಗೆ ಬರುತ್ತದೆ. ಈ ಸಲ ಬಂದದ್ದು ಲಿಂಕ್ಡ್‌ಇನ್ ಪ್ರೊಫೈಲಿನ ‘ಅಬೌಟ್’ ಭಾಗ. ಅಂದರೆ ‘ನಾನು ಯಾರು’ ಎಂದು ಅಪರಿಚಿತರಿಗೆ ಹೇಳುವ ಕೆಲವು ಸಾಲು.

ಓದಿದೆ. ‘ರಿಸಲ್ಟ್ಸ್ ಡ್ರಿವನ್’ ಎಂದು ಶುರುವಾಗಿತ್ತು. ‘ಪ್ಯಾಷನೇಟ್’ ಇತ್ತು, ‘ಡೈನಮಿಕ್’ ಇತ್ತು, ‘ಪ್ರೂವನ್ ಟ್ರ್ಯಾಕ್ ರೆಕಾರ್ಡ್’ ಇತ್ತು. ‘ಕಂಟಿನ್ಯುಯಸ್ ಇಂಪ್ರೂವ್‌ಮೆಂಟ್’ ಅನ್ನು ‘ಸ್ಪಿಯರ್‌ಹೆಡ್’ ಮಾಡಿದ್ದೇನೆ ಎಂದಿತ್ತು. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಕಬ್ಬಿಣ ಎಂಬ ಪದವೂ ಇರಲಿಲ್ಲ. ಮರಳು ಇರಲಿಲ್ಲ, ಕುಲುಮೆ ಇರಲಿಲ್ಲ. ಹದಿನಾಲ್ಕು ವರ್ಷ ಬೆಂಕಿಯ ಎದುರು ನಿಂತ ಮನುಷ್ಯ ಆ ಐದು ಸಾಲುಗಳಲ್ಲಿ ಎಲ್ಲಿಯೂ ಸಿಗಲಿಲ್ಲ. ಅದನ್ನು ಹಾಗೇ ಎತ್ತಿ ಬ್ಯಾಂಕ್ ಮ್ಯಾನೇಜರೊಬ್ಬರ ಹೆಸರಿನ ಕೆಳಗೆ ಇಟ್ಟರೂ ಸರಿಹೋಗುತ್ತಿತ್ತು, ಯೋಗ ಕಲಿಸುವವರ ಹೆಸರಿನ ಕೆಳಗೆ ಇಟ್ಟರೂ ಸರಿಹೋಗುತ್ತಿತ್ತು.

“ಇದನ್ನ ಯಾರು ಬರದ್ರು?” ಎಂದು ಕೇಳಿದೆ.

“ನಾನs. ಅಂದ್ರ, ನಾಲ್ಕು ಮಂದೀದು ನೋಡಿ ಬರದೆ.”

ಆ ನಾಲ್ಕು ಮಂದಿಯೂ ಇನ್ನು ನಾಲ್ಕು ಮಂದಿಯದನ್ನು ನೋಡಿಯೇ ಬರೆದಿರುತ್ತಾರೆ. ಇದೇನು ಹೊಸ ರೋಗವಲ್ಲ. ಸ್ವತಃ ಲಿಂಕ್ಡ್‌ಇನ್ ಕಂಪನಿಯೇ 2010ರಲ್ಲಿ ತನ್ನ ಸದಸ್ಯರು ಸವೆಸಿ ಹಾಕಿದ ಪದಗಳ ಪಟ್ಟಿ ಮಾಡಿ ಪ್ರಕಟಿಸಿತ್ತು, ಮುಂದಿನ ವರ್ಷಗಳಲ್ಲೂ ಅಂಥ ಪಟ್ಟಿಗಳು ಬಂದವು. ಅಂಗಡಿಯವನೇ ‘ಈ ಸರಕು ಹಳಸಿದೆ’ ಎಂದು ಬೋರ್ಡು ಹಾಕಿದರೂ ಗಿರಾಕಿಗಳು ಅದನ್ನೇ ಕೊಳ್ಳುತ್ತಿದ್ದಾರೆ ಎಂದರೆ, ಇದು ಬರೀ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ನನ್ನ ವಾದ ಇಷ್ಟು. ಈ ಪದಗಳ ತೊಂದರೆ ಅವು ಕೆಟ್ಟದಾಗಿ ಕೇಳಿಸುತ್ತವೆ ಎಂಬುದಲ್ಲ, ಅವನ್ನು ಯಾರೂ ಸುಳ್ಳೆಂದು ಸಾಧಿಸಲು ಆಗುವುದಿಲ್ಲ ಎಂಬುದು. ‘ನಾನು ಉತ್ಸಾಹಿ’ ಎಂದರೆ ‘ಅಲ್ಲ, ನೀನು ಉತ್ಸಾಹಿಯಲ್ಲ’ ಎಂದು ಯಾರು ತಾನೇ ತೋರಿಸಬಲ್ಲರು? ಸುಳ್ಳಾಗಲು ಸಾಧ್ಯವೇ ಇಲ್ಲದ ಮಾತಿಗೆ ನಿಜವಾಗುವ ಯೋಗ್ಯತೆಯೂ ಇರುವುದಿಲ್ಲ. ಕೆಲಸ ಬಲ್ಲ ಮನುಷ್ಯನಿಗೆ ಇದರಿಂದ ಆಗುವ ನಷ್ಟ ದೊಡ್ಡದು. ಏಕೆಂದರೆ ಕೆಲಸ ಬಾರದವನೂ ಅದೇ ಪದಗಳನ್ನು ಅಷ್ಟೇ ಸಲೀಸಾಗಿ ಬರೆದುಕೊಳ್ಳುತ್ತಾನೆ. ಇಬ್ಬರೂ ಪುಟದ ಮೇಲೆ ಅವಳಿಗಳಾಗಿ ನಿಲ್ಲುತ್ತಾರೆ.

ವೃತ್ತಿಯ ನಡುಹಾದಿಯಲ್ಲಿ ಇರುವವರಿಗೆ ಇದು ಇನ್ನೂ ದುಬಾರಿ. ಹೊಸದಾಗಿ ಕಾಲೇಜು ಮುಗಿಸಿದವರ ಬಳಿ ಅಂಕಗಳಿವೆ, ಪ್ರಾಜೆಕ್ಟ್ ಇದೆ. ಅವರನ್ನು ಭರವಸೆಯ ಮೇಲೆ ತೆಗೆದುಕೊಳ್ಳುತ್ತಾರೆ. ಇಪ್ಪತ್ತೈದು ವರ್ಷ ದುಡಿದವರ ಬಳಿ ಹುದ್ದೆಯಿದೆ, ಅದೇ ಮಾತಾಡುತ್ತದೆ. ಅಣ್ಣನಂಥವರ ಬಳಿ ಇರುವುದು ಬಿಡಿಸಿದ ಸಮಸ್ಯೆಗಳು ಮಾತ್ರ. ಅವನ್ನೂ ಹೇಳದೆ ಬಿಟ್ಟರೆ, ಅರ್ಧ ಸಂಬಳಕ್ಕೆ ಸಿಗುವ ಹುಡುಗನಿಗೂ ಇವನಿಗೂ ವ್ಯತ್ಯಾಸ ಕಾಣುವುದು ಹೇಗೆ? ಅಣ್ಣನ ಫೌಂಡ್ರಿಯಲ್ಲಿ ಎರಡು ವಿಭಾಗಗಳನ್ನು ಒಂದು ಮಾಡುವ ಮಾತು ನಡೆದಿತ್ತು. ಒಂದು ಮಾಡಿದರೆ ಒಬ್ಬ ಎಂಜಿನಿಯರ್ ಹೆಚ್ಚಾಗುತ್ತಾನೆ. ಮನೆಸಾಲ ಇನ್ನೂ 11 ವರ್ಷದ್ದು ಬಾಕಿ ಇತ್ತು. ಅವನು ಗ್ರಾಮರ್ ನೋಡಲು ಕೊಟ್ಟದ್ದು ಈ ಭಯದಲ್ಲಿ.

ನಾನು ಆ ಐದು ಸಾಲನ್ನು ಅಳಿಸಿಹಾಕಿದೆ. ಅಣ್ಣ ಗಾಬರಿಯಾದ. “ಹಂಗಲ್ಲವಾ, ಆ ವರ್ಡ್ಸ್ ಇದ್ರನs ಸರ್ಚಿನ್ಯಾಗ ಬರೋದು” ಎಂದ.

ಈ ವಾದಕ್ಕೆ ಉತ್ತರ ಕೊಡಲೇಬೇಕು, ಏಕೆಂದರೆ ಇದರಲ್ಲಿ ಅರ್ಧ ಸತ್ಯವಿದೆ. ನೇಮಕಾತಿ ಮಾಡುವವರು ಪದ ಹಾಕಿಯೇ ಹುಡುಕುತ್ತಾರೆ, ನಿಜ. ಆದರೆ ಯಾವ ಪದ? ಫೌಂಡ್ರಿಗೆ ಮನುಷ್ಯ ಬೇಕಾದವರು ‘ಪ್ಯಾಷನೇಟ್’ ಎಂದು ಟೈಪ್ ಮಾಡಿ ಹುಡುಕುವುದಿಲ್ಲ. ಮಾಡಿದರೆ ಊರಿಗೆ ಊರೇ ಎದ್ದು ಬರುತ್ತದೆ. ಅವರು ‘ಗ್ರೀನ್ ಸ್ಯಾಂಡ್’ ಎಂದು ಹುಡುಕುತ್ತಾರೆ. ‘ಎಸ್‌ಜಿ ಐರನ್’ ಎಂದು, ವಾಹನೋದ್ಯಮದ ಗುಣಮಟ್ಟದ ಮಾನದಂಡವಾದ ‘ಐಎಟಿಎಫ್ 16949’ ಎಂದು ಹುಡುಕುತ್ತಾರೆ. ಇವೆಲ್ಲ ವಸ್ತುಗಳ, ವಿಧಾನಗಳ ಹೆಸರು. ಹುಡುಕಲು ಬೇಕಾದದ್ದು ನಾಮಪದ, ನಾವು ತುಂಬಿಡುವುದು ವಿಶೇಷಣ. ಅಣ್ಣನ ಹಳೆಯ ಐದು ಸಾಲುಗಳಲ್ಲಿ ಹುಡುಕಿದರೆ ಸಿಗಬಹುದಾದ ಪದ ಒಂದೂ ಇರಲಿಲ್ಲ. ಯಾವುದಕ್ಕಾಗಿ ಆ ಭಾಷೆಯನ್ನು ಸಹಿಸಿಕೊಂಡಿದ್ದನೋ ಆ ಕೆಲಸವನ್ನೂ ಅದು ಮಾಡುತ್ತಿರಲಿಲ್ಲ.

“ಇಂಗ್ಲಿಷ್ ಬಿಡು. ನಿನ್ನ ಕೈಲೆ ಆದ ಒಂದು ಕೆಲಸ ಹೇಳು, ನನಗ ತಿಳಿಯೂ ಹಂಗ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಂಪಿನ ಕವಚದ ಕಥೆ ಹೇಳತೊಡಗಿದ.

ಅವರ ಫೌಂಡ್ರಿಯಲ್ಲಿ ಗ್ರೀನ್ ಸ್ಯಾಂಡ್ ಅಚ್ಚುಗಳಲ್ಲಿ ಕಬ್ಬಿಣ ಎರೆಯುತ್ತಾರೆ. ಇಲ್ಲಿ ಗ್ರೀನ್ ಎಂದರೆ ಹಸಿರಲ್ಲ, ಹಸಿ. ಮರಳು, ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ನೂರಕ್ಕೆ ಮೂರು ನಾಲ್ಕು ಪಾಲು ನೀರು, ಇವನ್ನು ಮಿಕ್ಸರಿನಲ್ಲಿ ಕಲಸಿ ಅಚ್ಚು ಒತ್ತುತ್ತಾರೆ. ಪಂಪಿನ ಒಳಗಿನ ಟೊಳ್ಳು ಮೂಡಲೆಂದು ಅಚ್ಚಿನ ಒಳಗೆ ಗಟ್ಟಿ ಮರಳಿನದೇ ಒಂದು ಆಕಾರ ಇಡುತ್ತಾರೆ, ಅದು ಕೋರ್. ಮೇಲಿನಿಂದ 1,400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕರಗಿದ ಕಬ್ಬಿಣ ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ಅಚ್ಚು ಒಡೆದು, ಅದೇ ಮರಳನ್ನು ಬೆಲ್ಟಿನ ಮೇಲೆ ವಾಪಸ್ ತಂದು, ಮತ್ತೆ ನೀರು ಹಾಕಿ ಕಲಸಿ ಬಳಸುತ್ತಾರೆ. ಒಂದೇ ಮರಳು ದಿನವಿಡೀ ಸುತ್ತುತ್ತಿರುತ್ತದೆ.

ಪಂಪಿನ ಕವಚಗಳಲ್ಲಿ ಗಾಳಿತೂತು ಬೀಳುತ್ತಿದ್ದವು. ಅವರು ಬ್ಲೋಹೋಲ್ ಅನ್ನುತ್ತಾರೆ. ಮೇಲ್ಮೈಯಲ್ಲಿ ಕಾಣಿಸಿದರೆ ಅಲ್ಲೇ ಬದಿಗಿಡಬಹುದು. ಇವು ಚರ್ಮದ ಅಡಿಯಲ್ಲಿ ಕೂತು, ಗಿರಾಕಿಯ ಮೆಷಿನ್ ಶಾಪಿನಲ್ಲಿ ಒಂದು ಪದರು ಕೆತ್ತಿದಾಗ ಬಾಯಿ ತೆರೆಯುತ್ತಿದ್ದವು. ಆಗ ಎರಕದ ಖರ್ಚಿನ ಜೊತೆಗೆ ಮೆಷಿನಿಂಗ್ ಖರ್ಚೂ ಹೋಯಿತು, ಮರ್ಯಾದೆಯೂ ಹೋಯಿತು. ಎಲ್ಲರ ಅನುಮಾನ ಕೋರಿನ ಮೇಲೆ ಇತ್ತು. ಕೋರಿನ ಅಂಟು ಸುಟ್ಟು ಅನಿಲ ಬರುವುದು ಗಾಳಿತೂತಿಗೆ ಸಾಮಾನ್ಯ ಕಾರಣವೇ.

ಮೊದಲ ಸುಳಿವು ಕೊಟ್ಟವನು ಅಣ್ಣನಲ್ಲ. ಮೋಲ್ಡಿಂಗ್ ಲೈನಿನ ಹಿರಿಯ ಆಪರೇಟರ್ ಒಬ್ಬರಿದ್ದಾರೆ, ಎಲ್ಲರೂ ಅವರನ್ನು ಕಾಕಾ ಅನ್ನುತ್ತಾರೆ. ಅವರು ಒಂದು ದಿನ, “ಸಾಹೇಬ್ರ, ಊಟದ ಮ್ಯಾಲ ಮಣ್ಣು ಪ್ಯಾಟರ್ನಿಗೆ ಅಂಟಾಕತ್ತೈತಿ” ಎಂದರಂತೆ. ಫೌಂಡ್ರಿಯವರ ಬಾಯಲ್ಲಿ ಮರಳಿಗೂ ಮಣ್ಣೇ ಅನ್ನುತ್ತಾರೆ. ಊಟದ ಮೇಲೆ ಎಂಬ ಆ ಮಾತು ಅಣ್ಣನ ತಲೆಯಲ್ಲಿ ಕೂತಿತು. ರಿಜೆಕ್ಷನ್ ರಿಜಿಸ್ಟರಿನಲ್ಲಿ ದಿನದ ಲೆಕ್ಕ ಇರುತ್ತಿತ್ತು, ಗಂಟೆಯ ಲೆಕ್ಕ ಇರಲಿಲ್ಲ. ಆದರೆ ಪ್ರತಿ ಎರಕದ ಮೇಲೂ ಅದು ಯಾವ ಕುಲುಮೆಪಾಕದ್ದು ಎಂದು ಹೇಳುವ ಹೀಟ್ ನಂಬರ್ ಮೂಡಿರುತ್ತದೆ. ಕುಲುಮೆಯ ಲಾಗ್‌ಬುಕ್ಕಿನಲ್ಲಿ ಆ ಹೀಟ್ ಎಷ್ಟು ಗಂಟೆಗೆ ಸುರಿದದ್ದು ಎಂದು ಬರೆದಿರುತ್ತದೆ. ಅಣ್ಣ ಮೂರು ತಿಂಗಳ ರಿಜೆಕ್ಷನ್ನನ್ನು ಹೀಟ್ ನಂಬರ್ ಹಿಡಿದು ಗಂಟೆಗಳಾಗಿ ಒಡೆದ. ಊಟಕ್ಕೆ ಮೊದಲಿನ ಗಾಳಿತೂತುಗಳಿಗಿಂತ ಊಟದ ನಂತರದವು ಎರಡು ಪಟ್ಟಿಗೂ ಹೆಚ್ಚಿದ್ದವು. ಕೋರುಗಳು ಬೆಳಿಗ್ಗೆಯೂ ಅವೇ, ಮಧ್ಯಾಹ್ನವೂ ಅವೇ. ಹಾಗಾದರೆ ಬದಲಾಗುತ್ತಿದ್ದದ್ದು ಬೇರೆ ಏನೋ.

ಬದಲಾಗುತ್ತಿದ್ದದ್ದು ಮರಳಿನ ಬಿಸಿ. ಭಾರದ ಎರಕಗಳನ್ನು ಒಂದರ ಹಿಂದೆ ಒಂದು ತೆಗೆದಾಗ ಅಚ್ಚಿನ ಮರಳು ಹೆಚ್ಚು ಕಾಯುತ್ತದೆ, ತಣಿಯಲು ಸಮಯ ಸಿಗದೆ ಮಿಕ್ಸರಿಗೆ ವಾಪಸಾಗುತ್ತದೆ, ಪ್ರತಿ ಸುತ್ತಿಗೂ ಬಿಸಿ ಏರುತ್ತದೆ. ಸುಮಾರು 50 ಡಿಗ್ರಿ ದಾಟಿದ ಮರಳು ತನ್ನ ನೀರನ್ನು ಹಿಡಿದುಕೊಳ್ಳುವುದಿಲ್ಲ. ಆ ಆವಿ ತಣ್ಣಗಿರುವ ಪ್ಯಾಟರ್ನಿನ ಮೇಲೆ, ತಣ್ಣಗಿರುವ ಕೋರಿನ ಮೇಲೆ ಹನಿಗಟ್ಟುತ್ತದೆ, ಬೇಸಿಗೆಯಲ್ಲಿ ತಣ್ಣೀರಿನ ತಂಬಿಗೆಯ ಹೊರಗೆ ಬೆವರು ಮೂಡಿದ ಹಾಗೆ. ಪ್ಯಾಟರ್ನಿನ ಮೇಲಿನ ಹನಿಗೆ ಮರಳು ಅಂಟುತ್ತದೆ, ಅದು ಕಾಕಾ ಕಂಡದ್ದು. ಕೋರಿನ ಮೇಲಿನ ಹನಿ ಕಬ್ಬಿಣ ಬಿದ್ದೊಡನೆ ಅನಿಲವಾಗಿ ಒಳಗೇ ತೂತಾಗಿ ಉಳಿಯುತ್ತದೆ, ಅದು ಗಿರಾಕಿ ಕಂಡದ್ದು. ಮರಳು ಒಣಗಿದಂತೆ ಕಂಡಿತೆಂದು ಮಿಕ್ಸರಿನವನು ಇನ್ನಷ್ಟು ನೀರು ಬಿಡುತ್ತಿದ್ದ. ಅದರಿಂದ ಏರಿದ್ದು ಆವಿ.

ಮಾಡಿದ ಉಪಾಯಗಳು ಮೂರು, ಯಾವುದಕ್ಕೂ ಹೊಸ ಯಂತ್ರ ಬೇಕಾಗಲಿಲ್ಲ. ಭಾರದ ಎರಕಗಳ ನಡುವೆ ಹಗುರದವು ಬರುವಂತೆ ದಿನದ ಸರದಿ ಬದಲಿಸಿದರು. ನೀರಿನ ಒಂದು ಪಾಲನ್ನು ಮಿಕ್ಸರಿಗಿಂತ ಮೊದಲೇ, ವಾಪಸ್ ಬರುವ ಬೆಲ್ಟಿನ ಮೇಲೆ ಚಿಮುಕಿಸಿ, ಅದು ಆರುತ್ತ ಬಿಸಿಯನ್ನು ಎಳೆದುಕೊಂಡು ಹೋಗುವಂತೆ ಮಾಡಿದರು. ಅರ್ಧ ಗಂಟೆಗೊಮ್ಮೆ ಮರಳಿನ ಬಿಸಿಯನ್ನೂ, ಒತ್ತಿದಾಗ ಅದು ಎಷ್ಟು ಕುಗ್ಗುತ್ತದೆ ಎಂಬುದನ್ನೂ ಅಳೆದು ಬೋರ್ಡಿನ ಮೇಲೆ ಬರೆಯತೊಡಗಿದರು.

ಇಷ್ಟು ಹೇಳಲು ಅಣ್ಣನಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಎದ್ದು ಕೈಯಾಡಿಸಿ ಬೆಲ್ಟು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಿದ. ‘ಪ್ರೂವನ್ ಟ್ರ್ಯಾಕ್ ರೆಕಾರ್ಡ್’ ಎಂಬ ಮೂರು ಪದ ಮುಚ್ಚಿಟ್ಟದ್ದು ಇದನ್ನು.

“ಹಂಗಾದ್ರ ಹಿಂಗ ಬರೀಲಿ? ರಿಜೆಕ್ಷನ್ ನೂರಕ್ಕ ಎಂಟು ಇದ್ದದ್ದನ್ನ ಮೂರಕ್ಕ ಇಳಿಸೀನಿ ಅಂತ?” ಎಂದು ಕೇಳಿದ. ಎಲ್ಲರೂ ಕೊಡುವ ಸಲಹೆಯೂ ಇದೇ: ಅಂಕಿ ಹಾಕಿ, ಅಂಕಿ ಹಾಕಿ. ಆದರೆ ಕೇಳುತ್ತ ಹೋದಾಗ ಆ ಅಂಕಿಯೊಳಗೆ ಎರಡು ತೊಡಕು ಕಂಡವು.

ಒಂದು, ಆ ಇಳಿಕೆಯೆಲ್ಲ ಅಣ್ಣನ ಕೆಲಸದಿಂದ ಆದದ್ದಲ್ಲ. ಆ ಎಂಟು ತಿಂಗಳ ನಡುವೆ ಕೋರ್ ಪೂರೈಸುವವರೂ ಬದಲಾಗಿದ್ದರು, ಅದರಿಂದಲೂ ತೂತು ಕಡಿಮೆಯಾದವು. ‘ನಾನು ಇಳಿಸಿದೆ’ ಎಂದರೆ ಅದು ‘ಪ್ಯಾಷನೇಟ್’ಗಿಂತ ಕೆಟ್ಟ ಸುಳ್ಳು, ಏಕೆಂದರೆ ಅದಕ್ಕೆ ಅಂಕಿಯ ವೇಷ ಇದೆ. ಬಲ್ಲವರು ಸಂದರ್ಶನದಲ್ಲಿ ‘ಆ ಹೊತ್ತಿಗೆ ಬೇರೆ ಏನೇನು ಬದಲಾಯಿತು?’ ಎಂದು ಒಂದೇ ಪ್ರಶ್ನೆ ಕೇಳಿದರೆ ಕಟ್ಟಡ ಕುಸಿಯುತ್ತದೆ. ಎರಡು, ಒಂದು ಫೌಂಡ್ರಿಯಲ್ಲಿ ಎಷ್ಟು ಮಾಲು ಕೆಟ್ಟುಹೋಗುತ್ತದೆ ಎಂಬುದು ಅದರ ಒಳಮನೆಯ ವಿಷಯ. ಇನ್ನೂ ಅಲ್ಲಿ ಸಂಬಳ ತೆಗೆದುಕೊಳ್ಳುತ್ತಿರುವವನು ಅದನ್ನು ಬೀದಿಯಲ್ಲಿ ಹೇಳುವ ಹಾಗಿಲ್ಲ. ಗಿರಾಕಿಯ ಹೆಸರನ್ನೂ ಹೇಳುವ ಹಾಗಿಲ್ಲ.

ಎರಡಕ್ಕೂ ಪರಿಹಾರ ಅಣ್ಣನ ಲೆಕ್ಕದಲ್ಲೇ ಇತ್ತು. ಹೊಸ ಕೋರು ಬಂದರೆ ಬೆಳಿಗ್ಗೆಯ ಎರಕಕ್ಕೂ ಮಧ್ಯಾಹ್ನದ ಎರಕಕ್ಕೂ ಬರುತ್ತದೆ. ಮರಳಿನ ಬಿಸಿ ಕಾಡುತ್ತಿದ್ದದ್ದು ಮಧ್ಯಾಹ್ನವನ್ನು. ಹಾಗಾದರೆ ನೋಡಬೇಕಾದದ್ದು ಒಟ್ಟು ರಿಜೆಕ್ಷನ್ ಅಲ್ಲ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಇದ್ದ ಅಂತರ. ಆ ಅಂತರ ಹೊಸ ಕೋರು ಬರುವ ಮುಂಚಿನ ತಿಂಗಳಿಂದಲೇ ಕಿರಿದಾಗತೊಡಗಿತ್ತು, ಕೊನೆಗೆ ಇಲ್ಲವಾಯಿತು. ಇದು ಅಣ್ಣನದು. ಇದನ್ನು ಹೇಳಲು ಕಂಪನಿಯ ಒಂದು ಶೇಕಡಾವಾರೂ ಬೇಡ. ‘ಮಧ್ಯಾಹ್ನದ ತೂತುಗಳು ಬೆಳಗಿನ ಮಟ್ಟಕ್ಕೆ ಇಳಿದವು’ ಎಂದರೆ ಸಾಕು. ಎಂಟು, ಮೂರು ಎಂಬ ಅಂಕಿಗಳಿಗಿಂತ ಈ ವಾಕ್ಯ ಗಟ್ಟಿ. ಓದುವ ಎಂಜಿನಿಯರಿಗೆ ಇದರಲ್ಲಿ ಫಲಿತಾಂಶದ ಜೊತೆಗೆ ಯೋಚನೆ ಮಾಡುವ ರೀತಿಯೂ ಕಾಣುತ್ತದೆ.

ಉಳಿದದ್ದು ‘ಸ್ಪಿಯರ್‌ಹೆಡ್’. ಈಟಿಯ ಮೊನೆಯಾಗುವುದು. ಈ ಪದವನ್ನು ನಾನು ಉಳಿದವಕ್ಕಿಂತ ಹೆಚ್ಚು ದ್ವೇಷಿಸುತ್ತೇನೆ. ‘ಪ್ಯಾಷನೇಟ್’ ಬರಿ ಪೊಳ್ಳು, ಇದು ಕಳ್ಳ. ಒಬ್ಬನನ್ನು ಮೊನೆ ಮಾಡಿ ಉಳಿದವರನ್ನು ಅಳಿಸಿಹಾಕುತ್ತದೆ. “ಕಾಕಾನ ಎದುರಿಗೆ ನಿಂತು ‘ಇದರ ನೇತೃತ್ವ ನಾನs ವಹಿಸೀನಿ’ ಅಂತ ಹೇಳ್ತೀ ಏನು?” ಎಂದು ಅಣ್ಣನನ್ನು ಕೇಳಿದೆ. ಅವನು ನಕ್ಕುಬಿಟ್ಟ. “ಹೊಡೀತಾರ ಅವರು” ಎಂದ. ಅಲ್ಲಿಗೆ ನಮಗೆ ಪರೀಕ್ಷೆಯೊಂದು ಸಿಕ್ಕಿತು. ಜೊತೆಗೆ ಕೆಲಸ ಮಾಡಿದವರ ಎದುರು, ಅವರ ಮಾತಿನಲ್ಲಿ, ಗಟ್ಟಿಯಾಗಿ ಓದಲು ನಾಚಿಕೆಯಾಗುವ ವಾಕ್ಯವನ್ನು ಬರೆಯಬಾರದು. ಅದಕ್ಕೇ ಮೊದಲು ಕನ್ನಡದಲ್ಲಿ ಬರೆದೆವು. ಕನ್ನಡ ಪವಿತ್ರವೆಂದಲ್ಲ, ಶಾಪ್‌ಫ್ಲೋರಿನಲ್ಲಿ ಆಡುವುದು ಅದನ್ನೇ ಎಂದು. ಆಮೇಲೆ ಅದನ್ನೇ ಸಾದಾ ಇಂಗ್ಲಿಷಿಗೆ ತಂದು ಹಾಕಿದೆವು. ಕನ್ನಡದ ಕರಡು ಹೀಗಿತ್ತು:

“ಕಬ್ಬಿಣದ ಎರಕದಲ್ಲಿ ಮರಳಿನಿಂದ ಹುಟ್ಟುವ ದೋಷಗಳ ಕಾರಣ ಹುಡುಕಿ ಅವನ್ನು ನಿಲ್ಲಿಸುವುದು ನನ್ನ ಕೆಲಸ. 14 ವರ್ಷದಿಂದ ಗ್ರೀನ್ ಸ್ಯಾಂಡ್ ಫೌಂಡ್ರಿಯಲ್ಲಿದ್ದೇನೆ. ಗ್ರೇ ಐರನ್ ಮತ್ತು ಎಸ್‌ಜಿ ಐರನ್. ಮೊದಲ 5 ವರ್ಷ ಮೋಲ್ಡಿಂಗ್ ಲೈನಿನಲ್ಲಿ, ಆಮೇಲೆ ಪ್ರೋಸೆಸ್ ಮತ್ತು ಗುಣಮಟ್ಟ ವಿಭಾಗದಲ್ಲಿ.

ಒಂದು ಉದಾಹರಣೆ. ಪಂಪಿನ ಕವಚಗಳಲ್ಲಿ ಮೆಷಿನಿಂಗ್ ಆದ ಮೇಲೆ ಗಾಳಿತೂತು ಕಾಣುತ್ತಿದ್ದವು. ಮಧ್ಯಾಹ್ನ ಮರಳು ಅಂಟುತ್ತಿದೆ ಎಂದು ಲೈನಿನ ಹಿರಿಯ ಆಪರೇಟರ್ ಗಮನಿಸಿದರು. ನಾನು ಮೂರು ತಿಂಗಳ ರಿಜೆಕ್ಷನ್ನನ್ನು ಹೀಟ್ ನಂಬರ್ ಮೂಲಕ ಗಂಟೆವಾರು ವಿಂಗಡಿಸಿ, ಕಾರಣ ವಾಪಸ್ ಬರುವ ಮರಳಿನ ಬಿಸಿ ಎಂದು ತೋರಿಸಿದೆ. ಎರಕಗಳ ಸರದಿಯನ್ನೂ ನೀರು ಸೇರಿಸುವ ಜಾಗವನ್ನೂ ಬದಲಿಸಿದೆವು. ಮಧ್ಯಾಹ್ನದ ತೂತುಗಳು ಬೆಳಗಿನ ಮಟ್ಟಕ್ಕೆ ಇಳಿದವು. ಹೊಸ ಯಂತ್ರ ಕೊಳ್ಳಲಿಲ್ಲ.

ಮರಳಿನ ದಿನನಿತ್ಯದ ಪರೀಕ್ಷೆಗಳನ್ನು ಮಾಡಬಲ್ಲೆ, ಮಾಡಿಸಬಲ್ಲೆ, ಅವುಗಳ ಅರ್ಥ ಹೇಳಬಲ್ಲೆ. ಐಎಟಿಎಫ್ 16949 ಆಡಿಟ್‌ಗಳನ್ನು ಎದುರಿಸಿದ್ದೇನೆ. ಹೊಸ ಎರಕಕ್ಕೆ ಗಿರಾಕಿಯ ಒಪ್ಪಿಗೆ ಪಡೆಯುವ ಪಿಪಿಎಪಿ ಕಡತಗಳನ್ನು ಸಿದ್ಧಪಡಿಸಿದ್ದೇನೆ.

ಉಕ್ಕಿನ ಎರಕದಲ್ಲಿ ಕೆಲಸ ಮಾಡಿಲ್ಲ. ಸಿಮ್ಯುಲೇಷನ್ ಫಲಿತಾಂಶ ಓದಬಲ್ಲೆ, ನಾನೇ ನಡೆಸಿಲ್ಲ.

ಮರಳು ಮತ್ತು ರಿಜೆಕ್ಷನ್ ಎರಡರ ಹೊಣೆಯೂ ಒಬ್ಬರ ಕೈಯಲ್ಲಿರುವಂಥ ಕೆಲಸ ಹುಡುಕುತ್ತಿದ್ದೇನೆ.”

ಲಿಂಕ್ಡ್‌ಇನ್ ಈ ಭಾಗಕ್ಕೆ 2,600 ಅಕ್ಷರಗಳ ಜಾಗ ಕೊಡುತ್ತದೆ, ಇಂಗ್ಲಿಷಿನಲ್ಲಿ ನಮಗೆ ಅದರ ಅರ್ಧವೂ ಬೇಕಾಗಲಿಲ್ಲ. ಆದರೆ ಪರದೆಯ ಮೇಲೆ ಮೊದಲಿಗೆ ಕಾಣುವುದು ಕೆಲವೇ ಸಾಲು, ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಅದಕ್ಕೇ ಕೆಲಸ ಏನೆಂಬುದು ಮೊದಲ ವಾಕ್ಯದಲ್ಲೇ ಬಂತು. ‘ಸಣ್ಣಂದಿನಿಂದಲೂ ಯಂತ್ರಗಳೆಂದರೆ ನನಗೆ’ ಎಂದು ಶುರು ಮಾಡುವವರು ಈ ಸಾಲುಗಳನ್ನು ಪೋಲು ಮಾಡುತ್ತಾರೆ. ‘ನಾನು’ ಎಲ್ಲಿದೆ, ‘ಬದಲಿಸಿದೆವು’ ಎಲ್ಲಿದೆ ಎಂಬುದನ್ನೂ ಗಮನಿಸಿ. ವಿಂಗಡಿಸಿದ್ದು ಅವನೊಬ್ಬನೇ, ಬದಲಿಸಿದ್ದು ಎಲ್ಲರೂ. ಕ್ರಿಯಾಪದದ ಪ್ರತ್ಯಯದಲ್ಲೇ ಲೆಕ್ಕ ಚುಕ್ತಾ ಆಗುತ್ತದೆ.

‘ಉಕ್ಕಿನ ಎರಕದಲ್ಲಿ ಕೆಲಸ ಮಾಡಿಲ್ಲ’ ಎಂಬ ಸಾಲಿಗೆ ಅಣ್ಣ ಬಹಳ ತಕರಾರು ಮಾಡಿದ. “ಗೊತ್ತಿಲ್ಲದ್ದು ನಾನs ಯಾಕ ಹೇಳಲಿ? ಕೇಳಿದ್ರ ಹೇಳಿದ್ರಾತು.” ಸಣ್ಣ ಮಾತಲ್ಲ ಇದು. ಆ ಸಾಲಿನಿಂದ ಒಂದೆರಡು ಕರೆ ತಪ್ಪಿಯೇ ತಪ್ಪುತ್ತವೆ. ಆದರೆ ತಪ್ಪುವ ಕರೆಗಳು ಉಕ್ಕಿನವರವು, ಹೇಗೂ ಅರ್ಧ ದಾರಿಯಲ್ಲಿ ನಿಲ್ಲುವಂಥವು. ಉಳಿಯುವ ಓದುಗ ಈ ಒಂದು ‘ಇಲ್ಲ’ವನ್ನು ಕಂಡು ಮೇಲಿನ ‘ಬಲ್ಲೆ’ಗಳನ್ನು ನಂಬುತ್ತಾನೆ. ಎಲ್ಲ ಬಲ್ಲೆ ಎನ್ನುವವನಿಂದ ನಾವು ತರಕಾರಿಯನ್ನೂ ಕೊಳ್ಳುವುದಿಲ್ಲ.

ಇಷ್ಟು ಬೈದ ಮೇಲೆ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಅಣ್ಣ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷಿನಲ್ಲಿ ತನ್ನದೇ ವಾಕ್ಯ ಕಟ್ಟಿದರೆ ತಪ್ಪಾದೀತು ಎಂಬ ಅಂಜಿಕೆ ಅವನಿಗೆ ಇಂದಿಗೂ ಇದೆ. ಆ ಸಿದ್ಧ ಪದಗಳು ಅವನಿಗೆ ಮದುವೆಗೆ ಬಾಡಿಗೆಗೆ ತಂದ ಕೋಟಿದ್ದ ಹಾಗೆ. ಮೈಗೆ ಸರಿಹೋಗದಿದ್ದರೂ ಮರ್ಯಾದೆ ಉಳಿಸುತ್ತವೆ ಎಂಬ ನಂಬಿಕೆ. ಹಾಗಾಗಿ ನನ್ನ ಜಗಳ ಕೋಟು ತೊಟ್ಟವರ ಜೊತೆ ಅಲ್ಲ, ಬಾಡಿಗೆಗೆ ಕೊಡುವವರ ಜೊತೆ. ವಿಶೇಷಣಗಳ ಪಟ್ಟಿ ಕೈಗೆ ಕೊಟ್ಟು ‘ಇವುಗಳಲ್ಲಿ ಐದು ಆರಿಸಿಕೊಳ್ಳಿ’ ಎನ್ನುವ ಪ್ಲೇಸ್‌ಮೆಂಟ್ ತರಬೇತಿಯವರ ಜೊತೆ. ದುಡ್ಡು ತೆಗೆದುಕೊಂಡು ಎಲ್ಲರಿಗೂ ಒಂದೇ ಪ್ರೊಫೈಲ್ ಬರೆದುಕೊಡುವವರ ಜೊತೆ. ಅವರು ಕಲಿಸಬೇಕಾದದ್ದು ಪದಗಳನ್ನಲ್ಲ, ಪ್ರಶ್ನೆಗಳನ್ನು. ಏನು ಕೆಟ್ಟಿತ್ತು? ಯಾರು ಮೊದಲು ಕಂಡರು? ನೀನು ಏನು ಅಳೆದೆ? ಆಗ ಬೇರೆ ಏನು ಬದಲಾಗಿತ್ತು? ಈ ನಾಲ್ಕಕ್ಕೆ ಉತ್ತರ ಬರೆದವರ ಇಂಗ್ಲಿಷಿನಲ್ಲಿ ತಪ್ಪುಗಳಿದ್ದರೆ ಇರಲಿ. ಆ ತಪ್ಪುಗಳನ್ನು ಅರ್ಧ ಗಂಟೆಯಲ್ಲಿ ತಿದ್ದಬಹುದು. ಉತ್ತರವೇ ಇಲ್ಲದ ಶುದ್ಧ ಇಂಗ್ಲಿಷನ್ನು ಯಾರೂ ತಿದ್ದಲಾರರು.

ಇನ್ನು ನಾವು, ಸಾಹಿತ್ಯದವರು. ಎಂಜಿನಿಯರುಗಳ ಭಾಷೆ ನೋಡಿ ಮೂಗು ಮುರಿಯುವ ಮೊದಲು ನಮ್ಮ ಪುಸ್ತಕಗಳ ಬೆನ್ನುಡಿ ಓದಿಕೊಳ್ಳಬೇಕು. ‘ಹೊಸ ಸಂವೇದನೆ’, ‘ತಾಜಾ ನುಡಿಗಟ್ಟು’, ‘ಭರವಸೆಯ ದನಿ’. ಈ ಮೂರನ್ನು ಯಾವ ಕವಿಯ ಯಾವ ಸಂಕಲನದ ಹಿಂದೆ ಹಚ್ಚಿದರೂ ಹೊಂದುತ್ತವೆ. ನನ್ನ ಪಿಎಚ್.ಡಿ. ಸಾರಲೇಖದಲ್ಲಿ ‘ಬಹುಶಿಸ್ತೀಯ ನೆಲೆಯಲ್ಲಿ ಸಮಗ್ರವಾಗಿ ಶೋಧಿಸುವ ಪ್ರಯತ್ನ’ ಎಂಬ ಸಾಲಿದೆ. ಅಣ್ಣನ ಸಾಲುಗಳನ್ನು ಅಳಿಸಿದ ರಾತ್ರಿ ಅದು ನೆನಪಾಗಿ ತೆರೆದು ನೋಡಿದೆ. ಯಾವ ಊರಿನ ಯಾವ ಹಸ್ತಪ್ರತಿಯನ್ನು ನೋಡಿದ್ದೇನೆ, ಯಾವುದನ್ನು ನೋಡಲು ಆಗಿಲ್ಲ ಎಂಬುದು ಇಡೀ ಪುಟದಲ್ಲಿ ಎಲ್ಲೂ ಇರಲಿಲ್ಲ. ಅಣ್ಣನಿಗೆ ಕೆಲಸ ಹೋಗುವ ಭಯವಾದರೂ ಇತ್ತು. ನನಗೆ ಯಾವ ಭಯವಿತ್ತು?

ಹೊಸ ಸಾಲುಗಳು ಪ್ರೊಫೈಲಿನಲ್ಲಿ ಕೂತು ಆರು ವಾರವಾಯಿತು. ಎರಡು ಕರೆ ಬಂದಿವೆ. ಕೆಲಸ ಇನ್ನೂ ಸಿಕ್ಕಿಲ್ಲ, ಆದ್ದರಿಂದ ಇದನ್ನು ಗೆಲುವಿನ ಕಥೆಯಾಗಿ ಹೇಳುತ್ತಿಲ್ಲ. ಆದರೆ ಎರಡನೆಯ ಕರೆಯಲ್ಲಿ ಆ ಕಡೆಯವರು ‘ನಿಮ್ಮ ಬಗ್ಗೆ ಹೇಳಿ’ ಎಂದು ಕೇಳಲಿಲ್ಲ. “ಮರಳಿನ ಬಿಸಿಯನ್ನು ಬೆಲ್ಟಿನ ಮೇಲೆ ಅಳೆದಿರೋ, ಮಿಕ್ಸರಿನಿಂದ ಹೊರಬಿದ್ದ ಮೇಲೋ?” ಎಂದು ಕೇಳಿದರಂತೆ. ಅಣ್ಣ ನಲವತ್ತು ನಿಮಿಷ ಮಾತಾಡಿದ. ಇಂಗ್ಲಿಷ್ ಎಲ್ಲೆಲ್ಲಿ ಎಡವಿತೋ ಅವನಿಗೆ ನೆನಪೇ ಇಲ್ಲ.

ಮೊನ್ನೆ ಅವನು ಆ ಕನ್ನಡ ಕರಡನ್ನು ಮೊಬೈಲಿನಲ್ಲಿ ಕಾಕಾಗೆ ಓದಿ ಹೇಳಿದನಂತೆ. ಅವರು ಪೂರ್ತಿ ಕೇಳಿ ಒಂದೇ ತಿದ್ದುಪಡಿ ಹೇಳಿದರು: “ಊಟದ ಮ್ಯಾಲ ಅಂತ ಹೇಳಿದ್ದೆ ನಾ. ಮಧ್ಯಾಹ್ನ ಅಂತ ಬರದೀರಲ್ಲ?” ಅಣ್ಣ ಅದನ್ನು ತಿದ್ದಿದ್ದಾನೆ.